ನಾಲ್ವರ ಪ್ರಾಜೆಕ್ಟಿನಲ್ಲಿ ಒಬ್ಬರ ಪಾಲು

ಕ್ಯಾಂಪಸ್ ಆಯ್ಕೆಯ ದಿನಗಳಲ್ಲಿ ಕಂಪನಿಯ ಮೇಜಿನ ಮೇಲೆ ಬೀಳುವ ರೆಸ್ಯೂಮೆಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಕಾಣಿಸುತ್ತದೆ: ‘ಇಎಸ್‌ಪಿ32 ಮತ್ತು ಲೋರಾ ಬಳಸಿ ಸ್ಮಾರ್ಟ್ ನೀರಾವರಿ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಲಾಗಿದೆ.’ ಒಂದೇ ತಂಡದ ನಾಲ್ವರೂ ಅದನ್ನೇ ಬರೆದಿರುತ್ತಾರೆ, ಪ್ರಾಜೆಕ್ಟ್ ವರದಿಯ ಮೊದಲ ಪುಟದಿಂದ ಎತ್ತಿಕೊಂಡದ್ದು. ನಾಲ್ಕರಲ್ಲೂ ಸುಳ್ಳಿಲ್ಲ. ಆದರೆ ಸರ್ಕಿಟ್ ಬೋರ್ಡ್ ವಿನ್ಯಾಸ ಮಾಡಿದವರು ಯಾರು, ಕೋಡ್ ಬರೆದವರು ಯಾರು, ಮೊಬೈಲ್ ಆ್ಯಪ್ ಯಾರದು, ವರದಿಯನ್ನಷ್ಟೇ ಟೈಪ್ ಮಾಡಿದವರು ಯಾರು ಎಂಬುದು ಓದುವವರಿಗೆ ತಿಳಿಯುವುದಿಲ್ಲ. ತಿಳಿಯದಿದ್ದಾಗ ಅವರು ಕೇಳುತ್ತಾ ಕೂರುವುದೂ ಇಲ್ಲ, ಮುಂದಿನ ಹಾಳೆಗೆ ಹೋಗುತ್ತಾರೆ.

ಎಂಬೆಡೆಡ್ ಕ್ಷೇತ್ರದಲ್ಲಿ ಈ ತೊಡಕು ಇನ್ನಷ್ಟು ಗಟ್ಟಿ. ವೆಬ್‌ಸೈಟ್ ಮಾಡಿದವರು ಕೊಂಡಿ ಕೊಟ್ಟರೆ ಓದುಗರು ಒತ್ತಿ ನೋಡಬಹುದು. ಎಂಬೆಡೆಡ್ ಸಾಧನವೋ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿರುತ್ತದೆ. ಅದರೊಳಗೆ ಹಾರ್ಡ್‌ವೇರ್, ಫರ್ಮ್‌ವೇರ್, ರೇಡಿಯೊ, ಬ್ಯಾಟರಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಬ್ಬರ ಕೆಲಸ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಯಿತು ಎಂಬುದು ಫೋಟೊ ನೋಡಿದರೂ ಗೊತ್ತಾಗುವುದಿಲ್ಲ. ಆ ಗಡಿಯನ್ನು ಬರವಣಿಗೆಯೇ ತೋರಿಸಬೇಕು.

ಹೇಗೆ ಎಂಬುದನ್ನು ನೋಡಲು, ಇಂಥ ತಂಡಗಳ ಕೆಲಸವನ್ನು ಹೋಲುವ ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳು ಅಡಿಕೆ ತೋಟಕ್ಕೆಂದು ಮಣ್ಣಿನ ತೇವಾಂಶ ಅಳೆಯುವ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿದ್ದಾರೆ. ಅದು ಹದಿನೈದು ನಿಮಿಷಕ್ಕೊಮ್ಮೆ ಎಚ್ಚರಗೊಂಡು, ತೇವಾಂಶ ಓದಿ, ಲೋರಾ ರೇಡಿಯೊ ಮೂಲಕ ಮನೆಗೆ ಸಂದೇಶ ಕಳಿಸಿ, ಮತ್ತೆ ನಿದ್ರೆಗೆ ಜಾರಬೇಕು. ಒಬ್ಬ ಬೋರ್ಡ್ ವಿನ್ಯಾಸ ಮಾಡಿದ, ಇನ್ನೊಬ್ಬಳು ಮನೆಯ ಕಡೆಯ ಗೇಟ್‌ವೇ ನೋಡಿಕೊಂಡಳು, ಮತ್ತೊಬ್ಬ ಆ್ಯಪ್ ಬರೆದ. ನಾಲ್ಕನೆಯ ವಿದ್ಯಾರ್ಥಿನಿಯ ಪಾಲಿಗೆ ಬಂದದ್ದು ಪೆಟ್ಟಿಗೆಯೊಳಗಿನ ಫರ್ಮ್‌ವೇರ್, ಅದರಲ್ಲೂ ನಿದ್ರೆ ಮತ್ತು ಎಚ್ಚರದ ಭಾಗ. ಈಗ ರೆಸ್ಯೂಮೆ ಬರೆಯಬೇಕಾದವಳು ಅವಳು.

ಬರೆಯುವ ಮೊದಲು ಅವಳು ನಿಜವಾಗಿ ಮಾಡಿದ್ದೇನೆಂದು ನೋಡಬೇಕು. ಮೊದಲ ಮಾದರಿಯನ್ನು ಅಂಗಡಿಯಲ್ಲಿ ಸಿಗುವ ಇಎಸ್‌ಪಿ32 ಡೆವಲಪ್‌ಮೆಂಟ್ ಬೋರ್ಡಿನ ಮೇಲೆ ಕಟ್ಟಿದ್ದರು. 2600 ಮಿಲಿಆಂಪ್-ಅವರ್‌ನ ಒಂದು ಲಿಥಿಯಂ ಸೆಲ್ ಹತ್ತು ದಿನವೂ ಬಾಳುತ್ತಿರಲಿಲ್ಲ. ಇಎಸ್‌ಪಿ32 ಚಿಪ್ ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೋಆಂಪ್ ಮಾತ್ರ ಎಳೆಯುತ್ತದೆ ಎಂದು ಅದರ ಡೇಟಾಶೀಟ್ ಹೇಳುತ್ತದೆ. ಅವಳು ಅಳೆದಾಗ ಪೂರ್ತಿ ಬೋರ್ಡು ನಿದ್ರೆಯಲ್ಲೇ 11 ಮಿಲಿಆಂಪ್ ಎಳೆಯುತ್ತಿತ್ತು. ಸಾವಿರ ಪಟ್ಟಿಗೂ ಹೆಚ್ಚು ವ್ಯತ್ಯಾಸ! ಮನೆಮಂದಿಯೆಲ್ಲ ಮಲಗಿದ ಮೇಲೂ ಹಿತ್ತಲಿನ ನಲ್ಲಿ ಸುರಿಯುತ್ತಲೇ ಇದ್ದ ಹಾಗೆ.

ಅಳೆಯುವುದೇ ಒಂದು ಕೆಲಸವಾಗಿತ್ತು. ಮಲ್ಟಿಮೀಟರನ್ನು ಮೈಕ್ರೋಆಂಪ್ ವ್ಯಾಪ್ತಿಗೆ ತಿರುಗಿಸಿ ಬ್ಯಾಟರಿಯ ದಾರಿಯಲ್ಲಿ ಸೇರಿಸಿದರೆ, ಚಿಪ್ ಎಚ್ಚರಗೊಂಡು ಹೆಚ್ಚು ಕರೆಂಟ್ ಕೇಳಿದ ಕ್ಷಣ ಮೀಟರಿನ ಒಳಗಿನ ರೋಧಕದಲ್ಲೇ ವೋಲ್ಟೇಜ್ ಕುಸಿಯುತ್ತದೆ. ಚಿಪ್ ರೀಸೆಟ್ ಆಗಿ ಪರದೆಯ ಮೇಲೆ `Brownout detector was triggered` ಎಂದು ಮೂಡುತ್ತದೆ. ಕೋಡಿನಲ್ಲೇ ದೋಷವಿದೆಯೆಂದುಕೊಂಡು ದಿನಗಟ್ಟಲೆ ಹುಡುಕುವವರಿದ್ದಾರೆ. ಅವಳು ಮೀಟರಿನ ಎರಡು ತುದಿಗಳ ನಡುವೆ ಒಂದು ಸ್ವಿಚ್ ಇಟ್ಟಳು. ಚಿಪ್ ಎಚ್ಚರವಿರುವಾಗ ಸ್ವಿಚ್ ಮುಚ್ಚಿ ಕರೆಂಟನ್ನು ನೇರವಾಗಿ ಹರಿಯಬಿಟ್ಟು, ನಿದ್ರೆಗೆ ಹೋದ ಮೇಲೆ ತೆರೆದು ಮೀಟರ್ ಓದಿದಳು. ದುಬಾರಿ ಉಪಕರಣವಿಲ್ಲದ ಪ್ರಯೋಗಾಲಯದಲ್ಲಿ ಇದು ಸಾಕಾಗುತ್ತದೆ.

ಸೋರಿಕೆಯ ಮೂಲಗಳು ಮೂರು. ಡೆವಲಪ್‌ಮೆಂಟ್ ಬೋರ್ಡಿನಲ್ಲಿದ್ದ ಎಎಂಎಸ್1117 ರೆಗ್ಯುಲೇಟರ್ ಏನೂ ಕೆಲಸವಿಲ್ಲದಿದ್ದರೂ ಸುಮಾರು 5 ಮಿಲಿಆಂಪ್ ತಿನ್ನುತ್ತಿತ್ತು. ತೇವಾಂಶದ ಸೆನ್ಸರ್ ಸದಾ ಚಾಲೂ ಇದ್ದು ಇನ್ನೊಂದು 5 ಮಿಲಿಆಂಪ್ ಎಳೆಯುತ್ತಿತ್ತು. ಉಳಿದದ್ದು ಬೋರ್ಡಿನ ಕೆಂಪು ದೀಪದ್ದು. ಅವಳ ಈ ಪಟ್ಟಿ ನೋಡಿ ಬೋರ್ಡ್ ವಿನ್ಯಾಸದ ಗೆಳೆಯ ಹೊಸ ಬೋರ್ಡ್ ಮಾಡಿದ: ಸುಮಾರು 4 ಮೈಕ್ರೋಆಂಪ್‌ನಲ್ಲೇ ತೃಪ್ತಿಪಡುವ ರೆಗ್ಯುಲೇಟರ್ ಹಾಕಿದ, ದೀಪ ತೆಗೆದ, ಸೆನ್ಸರಿಗೆ ಹೋಗುವ ವಿದ್ಯುತ್ತನ್ನು ಕಡಿಯಲು ಒಂದು ಪಿ-ಚಾನೆಲ್ ಮಾಸ್‌ಫೆಟ್ ಸೇರಿಸಿದ. ಅದನ್ನು ತೆರೆದು ಮುಚ್ಚುವ ಕೋಡ್ ಅವಳದು.

ಇಷ್ಟಾದರೂ ಹೊಸ ಬೋರ್ಡಿನಲ್ಲಿ ನಿದ್ರೆಯ ಕರೆಂಟ್ 1.8 ಮಿಲಿಆಂಪ್‌ನ ಆಚೀಚೆ ಅಲೆದಾಡುತ್ತಿತ್ತು. ಬೋರ್ಡಿನ ಹತ್ತಿರ ಬೆರಳು ತಂದರೆ ಅಂಕೆ ಬದಲಾಗುತ್ತಿತ್ತು. ಅದೇ ಸುಳಿವು. ಇಎಸ್‌ಪಿ32 ಗಾಢ ನಿದ್ರೆಗೆ ಹೋದಾಗ ಅದರ ಪಿನ್ನುಗಳು ತಮ್ಮ ಹಿಂದಿನ ಸ್ಥಿತಿಯನ್ನು ಬಿಟ್ಟುಕೊಡುತ್ತವೆ. ಮಾಸ್‌ಫೆಟ್ಟಿನ ಗೇಟ್ ಯಾವ ಹಿಡಿತವೂ ಇಲ್ಲದೆ ತೇಲುತ್ತದೆ, ಸೆನ್ಸರ್ ಅರೆಬರೆ ಚಾಲೂ ಆಗುತ್ತದೆ. ಪಿನ್ನನ್ನು ನಿದ್ರೆಯಲ್ಲೂ ಹಿಡಿದಿಡುವಂತೆ ಅವಳು ಈ ಸಾಲುಗಳನ್ನು ಬರೆದಳು:

```c
gpio_set_level(GPIO_NUM_25, 1);
gpio_hold_en(GPIO_NUM_25);
esp_sleep_enable_timer_wakeup(900ULL * 1000000ULL);
esp_deep_sleep_start();
```

ಮೊದಲ ಸಾಲು ಮಾಸ್‌ಫೆಟ್ಟನ್ನು ಮುಚ್ಚುತ್ತದೆ, ಎರಡನೆಯದು ಪಿನ್ನನ್ನು ಆ ಸ್ಥಿತಿಯಲ್ಲೇ ಬಿಗಿಹಿಡಿಯುತ್ತದೆ, ಮೂರನೆಯದು 900 ಸೆಕೆಂಡಿನ ಅಲಾರಂ ಇಡುತ್ತದೆ, ನಾಲ್ಕನೆಯದು ಮಲಗಿಸುತ್ತದೆ. ಎಚ್ಚರವಾದ ಮೇಲೆ `gpio_hold_dis` ಕರೆದು ಹಿಡಿತ ಬಿಡಿಸಬೇಕು, ಇಲ್ಲದಿದ್ದರೆ ಸೆನ್ಸರ್ ಏಳುವುದೇ ಇಲ್ಲ. ಕರೆಂಟ್ 24 ಮೈಕ್ರೋಆಂಪ್‌ಗೆ ಇಳಿದು ನಿಂತಿತು.

ಈಗ ರೆಸ್ಯೂಮೆ. ಇಂಥ ಕೆಲಸ ಮಾಡಿದವಳಿಗೆ ಬರುವ ಮೊದಲ ಆಸೆಯೆಂದರೆ ‘ನಿದ್ರೆಯ ಕರೆಂಟನ್ನು ಶೇಕಡಾ 99.8ರಷ್ಟು ಇಳಿಸಿದೆ’ ಎಂದು ಬರೆಯುವುದು. ಲೆಕ್ಕ ಸರಿಯೇ. ಆದರೆ ಆ ಇಳಿಕೆಯ ಅರ್ಧಕ್ಕಿಂತ ಹೆಚ್ಚು ಪಾಲು ರೆಗ್ಯುಲೇಟರ್ ಮತ್ತು ದೀಪದ್ದು, ಅಂದರೆ ಗೆಳೆಯನ ಬೋರ್ಡಿನದು. ಅದೇ ಕಂಪನಿಗೆ ಅವನೂ ಅರ್ಜಿ ಹಾಕಿರುತ್ತಾನೆ. ಎರಡು ರೆಸ್ಯೂಮೆಗಳೂ ಒಂದೇ ಅಂಕಿಯನ್ನು ತನ್ನದೆಂದರೆ ಸಂದರ್ಶಕರು ಎರಡನ್ನೂ ನಂಬುವುದಿಲ್ಲ. ತಂಡದ ಫಲಿತಾಂಶ ಬೇರೆ, ಅದರಲ್ಲಿ ತನ್ನ ಪಾಲು ಬೇರೆ. ಎರಡನ್ನೂ ಬರೆಯಬಹುದು, ಬರೆಯಲೂ ಬೇಕು. ಬೆರೆಸಬಾರದು ಅಷ್ಟೇ.

ರೆಸ್ಯೂಮೆ ಇಂಗ್ಲಿಷಿನಲ್ಲೇ ಇರುತ್ತದೆ. ಅದರ ಹುರುಳು ಕನ್ನಡದಲ್ಲಿ ಹೀಗಿರಬಹುದು:

‘ಬ್ಯಾಟರಿಯಿಂದ ನಡೆಯುವ ಮಣ್ಣಿನ ತೇವಾಂಶ ನೋಡ್, ನಾಲ್ವರ ತಂಡ. ನನ್ನ ಹೊಣೆ: ನೋಡ್‌ನ ಫರ್ಮ್‌ವೇರ್ (ಸಿ, ಇಎಸ್‌ಪಿ-ಐಡಿಎಫ್) ಮತ್ತು ವಿದ್ಯುತ್ ಬಳಕೆಯ ಅಳತೆ.

ನಿದ್ರೆಯಲ್ಲಿ 11 ಮಿಲಿಆಂಪ್ ಸೋರುತ್ತಿದ್ದುದನ್ನು ಅಳೆದು ಮೂರು ಮೂಲಗಳನ್ನು ಗುರುತಿಸಿದೆ. ಅದರ ಆಧಾರದ ಮೇಲೆ ಸಹಪಾಠಿ ಬೋರ್ಡನ್ನು ಮರುವಿನ್ಯಾಸಗೊಳಿಸಿದರು.

ಹೊಸ ಬೋರ್ಡಿನಲ್ಲಿ ಮಾಸ್‌ಫೆಟ್ ಗೇಟ್ ನಿದ್ರೆಯಲ್ಲಿ ತೇಲುತ್ತಿದ್ದ ದೋಷವನ್ನು ಪತ್ತೆಹಚ್ಚಿ ಫರ್ಮ್‌ವೇರಿನಲ್ಲಿ ಸರಿಪಡಿಸಿದೆ: 1.8 ಮಿಲಿಆಂಪ್‌ನಿಂದ 24 ಮೈಕ್ರೋಆಂಪ್‌ಗೆ.’

ಮೂರೇ ತುಣುಕು. ಮೊದಲನೆಯದು ಗಡಿ ಹಾಕುತ್ತದೆ. ಎರಡನೆಯದು ಗೆಳೆಯನ ಕೆಲಸವನ್ನು ಅವನಿಗೇ ಬಿಟ್ಟುಕೊಡುತ್ತದೆ, ಆದರೂ ಅವಳು ಕಳೆದುಕೊಂಡದ್ದೇನಿಲ್ಲ. ದೋಷ ಎಲ್ಲಿದೆಯೆಂದು ಅಳೆದು ಹೇಳಬಲ್ಲವರು, ಪಕ್ಕದವರ ವಿನ್ಯಾಸವನ್ನು ಮಾಹಿತಿಯಿಂದ ಬದಲಾಯಿಸಬಲ್ಲವರು ಕಂಪನಿಗಳಿಗೆ ಬೇಕಾದ ಜನ. ಮೂರನೆಯದು ಪೂರ್ತಿ ಅವಳದು. ಅಂಕಿ 99.8ರಷ್ಟು ದೊಡ್ಡದಲ್ಲದಿದ್ದರೂ ಅದರ ಹಿಂದಿನ ಪ್ರತಿ ಪ್ರಶ್ನೆಗೂ ಅವಳಲ್ಲಿ ಉತ್ತರವಿದೆ.

ಈ ಸಾಲುಗಳಿಗೆ ಇಬ್ಬರು ಓದುಗರಿದ್ದಾರೆ ಎಂಬುದನ್ನೂ ನೆನಪಿಡಬೇಕು. ಮೊದಲು ನೋಡುವವರು ನೇಮಕಾತಿ ವಿಭಾಗದವರು. ಗೇಟ್ ತೇಲುವುದೆಂದರೇನೆಂದು ಅವರಿಗೆ ಗೊತ್ತಿರಬೇಕಿಲ್ಲ. ಉದ್ಯೋಗ ವಿವರಣೆಯಲ್ಲಿರುವ ಪದಗಳು ಇಲ್ಲಿವೆಯೇ, ಈ ವ್ಯಕ್ತಿ ಏನಾದರೂ ಮಾಡಿ ಮುಗಿಸಿದ್ದಾಳೆಯೇ ಎಂದು ಅವರು ನೋಡುತ್ತಾರೆ. ‘ಸಿ’, ‘ಫರ್ಮ್‌ವೇರ್’, ‘11 ಮಿಲಿಆಂಪ್ ಸೋರಿಕೆ’, ‘ಸರಿಪಡಿಸಿದೆ’ ಎಂಬಷ್ಟು ಅವರಿಗೆ ಸಾಕು. ಆಮೇಲೆ ನೋಡುವವರು ಎಂಜಿನಿಯರ್. ಅವರ ಕಣ್ಣು ನೇರವಾಗಿ ‘ಗೇಟ್ ತೇಲುತ್ತಿದ್ದ’ ಎಂಬಲ್ಲಿ ನಿಲ್ಲುತ್ತದೆ, ಸಂದರ್ಶನದ ಮೊದಲ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳುವಂತೆ ಮಾಡುವುದು ಅಭ್ಯರ್ಥಿಯ ಕೈಯಲ್ಲೇ ಇದೆ.

ಇದರ ಉಲ್ಟಾ ನಡೆಯುವುದೂ ಉಂಟು. ತಯಾರಿದ್ದ ಲೈಬ್ರರಿಯನ್ನು ಸೇರಿಸಿ ಎರಡು ಫಂಕ್ಷನ್ ಕರೆದವರು ‘ಲೋರಾ ಡ್ರೈವರ್ ಅಭಿವೃದ್ಧಿಪಡಿಸಿದೆ’ ಎಂದು ಬರೆಯುತ್ತಾರೆ. ರೇಡಿಯೊ ಚಿಪ್ ಜತೆ ಎಸ್‌ಪಿಐ ಮೂಲಕ ಮಾತಾಡುವುದು ಹೇಗೆ, ಸಂದೇಶ ಹೋಯಿತೆಂದು ತಿಳಿಯುವುದು ಯಾವ ಇಂಟರಪ್ಟ್‌ನಿಂದ ಎಂಬ ಮೊದಲ ಪ್ರಶ್ನೆಗೇ ಮಾತು ನಿಲ್ಲುತ್ತದೆ. ಇಎಸ್‌ಪಿ-ಐಡಿಎಫ್ ಒಳಗೆ ಫ್ರೀಆರ್‌ಟಿಒಎಸ್ ಇರುತ್ತದೆ ಎಂಬ ಕಾರಣಕ್ಕೆ ಕೌಶಲಗಳ ಪಟ್ಟಿಯಲ್ಲಿ ಅದನ್ನು ಸೇರಿಸುವವರೂ ಇದ್ದಾರೆ. ಪ್ರಾಜೆಕ್ಟಿನಲ್ಲಿದ್ದದ್ದು ಒಂದೇ ಟಾಸ್ಕ್, ಕ್ಯೂ ಇಲ್ಲ, ಮ್ಯೂಟೆಕ್ಸ್ ಇಲ್ಲ. ‘ಲೈಬ್ರರಿ ಬಳಸಿದೆ, ಅದರ ನಿದ್ರಾ ಸ್ಥಿತಿಯನ್ನು ನನ್ನ ಕೋಡಿಗೆ ಹೊಂದಿಸಿದೆ’ ಎಂಬ ಸಾಲು ಚಿಕ್ಕದಾಗಿ ಕಾಣಬಹುದು. ಆದರೆ ಕೆಲಸದ ಜಾಗದಲ್ಲಿ ಎಂಜಿನಿಯರುಗಳು ನಿತ್ಯ ಮಾಡುವುದೂ ಅದನ್ನೇ, ಮತ್ತು ಕೇಳುವವರಿಗೆ ಅದು ಗೊತ್ತು.

ರೆಸ್ಯೂಮೆಯಲ್ಲಿ ಹಿಡಿಸದ್ದು ಪೋರ್ಟ್‌ಫೋಲಿಯೊ ಪುಟಕ್ಕೆ ಹೋಗುತ್ತದೆ. ಇಲ್ಲಿ ಹೆಚ್ಚಿನವರು ಎಡವುವುದು ಆರಂಭದಲ್ಲೇ. ಕೃಷಿ ದೇಶದ ಬೆನ್ನೆಲುಬು ಎಂದು ಶುರುವಾಗಿ, ಐಒಟಿ ಎಂದರೇನೆಂದು ವಿವರಿಸಿ, ಬಳಸಿದ ಬಿಡಿಭಾಗಗಳ ಚಿತ್ರಗಳನ್ನು ಅಂತರ್ಜಾಲದಿಂದ ತಂದು ಅಂಟಿಸಿ, ಕೊನೆಗೆ ಗೈಡ್ ಜತೆಗಿನ ತಂಡದ ಫೋಟೊ. ಬರೆದವರ ಸ್ವಂತ ಕೆಲಸ ಪುಟದ ಯಾವ ಮೂಲೆಯಲ್ಲೂ ಇರುವುದಿಲ್ಲ.

ನಮ್ಮ ವಿದ್ಯಾರ್ಥಿನಿಯ ಪುಟದ ತಲೆಯಲ್ಲಿ ತಾವೇ ಮಾಡಿದ ಬೋರ್ಡಿನ ಒಂದು ಸ್ಪಷ್ಟ ಫೋಟೊ ಇರಲಿ. ಅದರ ಕೆಳಗೆ ಇಡೀ ವ್ಯವಸ್ಥೆಯ ಬ್ಲಾಕ್ ಚಿತ್ರ: ಸೆನ್ಸರ್, ಮಾಸ್‌ಫೆಟ್, ಇಎಸ್‌ಪಿ32, ರೇಡಿಯೊ, ಗೇಟ್‌ವೇ, ಆ್ಯಪ್. ಅವಳು ಮಾಡಿದ ಚೌಕಗಳಿಗೆ ಮಾತ್ರ ಬಣ್ಣ, ಉಳಿದವು ಬೂದು. ಪುಟದ ಒಂದು ಪದವನ್ನೂ ಓದದವರಿಗೂ ಗಡಿ ಎಲ್ಲಿದೆಯೆಂದು ಈ ಒಂದು ಚಿತ್ರದಿಂದ ತಿಳಿದುಬಿಡುತ್ತದೆ. ಉಳಿದ ಮೂವರು ಏನು ಮಾಡಿದರೆಂದು ಚಿತ್ರದ ಕೆಳಗೆ ಎರಡು ಸಾಲು ಇರಬೇಕು. ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕಬೇಕು.

ಮುಂದಿನ ಭಾಗ ದೋಷದ ಕತೆ, ಪುಟದ ಜೀವಾಳವೂ ಇದೇ. ಏನು ಕಂಡಿತು, ಮೊದಲು ಏನೆಂದು ಅನುಮಾನಿಸಿದಳು, ಅದು ಸುಳ್ಳೆಂದು ಹೇಗೆ ತಿಳಿಯಿತು, ಬೆರಳು ತಂದಾಗ ಅಂಕೆ ಏಕೆ ಬದಲಾಯಿತು, ಕೊನೆಗೆ ಯಾವ ಸಾಲು ಸರಿಪಡಿಸಿತು ಎಂಬುದನ್ನು ನಾಲ್ಕೈದು ಪ್ಯಾರಾಗಳಲ್ಲಿ ಬರೆದರೆ ಸಾಕು. ಗೇಟಿಗೆ ಒಂದು ಪುಲ್-ಅಪ್ ರೋಧಕ ಹಾಕಿದ್ದರೂ ದೋಷ ಹೋಗುತ್ತಿತ್ತು, ಬೋರ್ಡುಗಳು ಆಗಲೇ ಮುದ್ರಣಗೊಂಡು ಬಂದಿದ್ದರಿಂದ ಫರ್ಮ್‌ವೇರ್ ದಾರಿ ಹಿಡಿಯಲಾಯಿತು ಎಂಬ ಸಾಲನ್ನು ಬಿಡಬಾರದು. ಎರಡು ದಾರಿಗಳು ಗೊತ್ತಿದ್ದು ಒಂದನ್ನು ಏಕೆ ಆರಿಸಿದರು ಎಂಬುದು ಎಂಜಿನಿಯರನ ಬುದ್ಧಿಯನ್ನು ತೋರಿಸುವಷ್ಟು ಚೆನ್ನಾಗಿ ಬೇರೇನೂ ತೋರಿಸುವುದಿಲ್ಲ. ಜತೆಗೆ ಮೀಟರಿನ ಓದಿನ ಫೋಟೊ ಮತ್ತು ಅಳತೆಯ ಸರ್ಕಿಟ್ಟಿನ ರೇಖಾಚಿತ್ರ. ಪೆನ್ಸಿಲಿನಲ್ಲಿ ಗೀಚಿದ್ದಾದರೂ ನಡೆಯುತ್ತದೆ.

ಅಂಕಿಗಳ ವಿಷಯದಲ್ಲಿ ಒಂದು ಎಚ್ಚರ. ಎಚ್ಚರವಿರುವ 4 ಸೆಕೆಂಡಿನಲ್ಲಿ ಪೆಟ್ಟಿಗೆ ಸರಾಸರಿ 60 ಮಿಲಿಆಂಪ್ ಬಳಸುತ್ತದೆ ಎಂದುಕೊಳ್ಳೋಣ. ಅದನ್ನು 900 ಸೆಕೆಂಡಿಗೆ ಹಂಚಿದರೆ 0.27 ಮಿಲಿಆಂಪ್, ನಿದ್ರೆಯದು 0.024. ಒಟ್ಟು ಸುಮಾರು 0.29. ಸೆಲ್ಲಿನ 2600ನ್ನು ಇದರಿಂದ ಭಾಗಿಸಿದರೆ ಸುಮಾರು 9000 ಗಂಟೆ, ಅಂದರೆ ಒಂದು ವರ್ಷ ದಾಟುತ್ತದೆ. ‘ಬ್ಯಾಟರಿ ಒಂದು ವರ್ಷ ಬಾಳುತ್ತದೆ’ ಎಂದು ಬರೆಯಲು ಕೈ ತುಡಿಯುವುದು ಸಹಜ. ಆದರೆ ಯಾರೂ ಒಂದು ವರ್ಷ ಕಾದು ನೋಡಿಲ್ಲ. ಸೆಲ್ಲಿನ ವೋಲ್ಟೇಜ್ ಇಳಿಯುತ್ತ ಬಂದಂತೆ ರೆಗ್ಯುಲೇಟರ್ 3.3 ವೋಲ್ಟ್ ಕೊಡಲಾರದ ಹಂತ ಬರುತ್ತದೆ, ಹಾಗಾಗಿ 2600ರಲ್ಲಿ ಸ್ವಲ್ಪ ಭಾಗ ಬಳಕೆಗೆ ಸಿಗುವುದೇ ಇಲ್ಲ. ಸೆಲ್ ಸುಮ್ಮನಿದ್ದರೂ ತಾನಾಗಿ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ. ‘ಲೆಕ್ಕದ ಪ್ರಕಾರ ಸುಮಾರು ಒಂದು ವರ್ಷ, ತೋಟದಲ್ಲಿ ಪರೀಕ್ಷಿಸಿದ್ದು 21 ದಿನ, ಆ ಅವಧಿಯಲ್ಲಿ ನೋಡ್ ಒಮ್ಮೆಯೂ ತಾನಾಗಿ ರೀಸೆಟ್ ಆಗಲಿಲ್ಲ’ ಎಂದು ಬರೆದರೆ ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಓದುವವರಿಗೆ ತಿಳಿಯುತ್ತದೆ.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಒಟ್ಟು 0.29ರಲ್ಲಿ ನಿದ್ರೆಯ ಪಾಲು ಈಗ ಹತ್ತನೇ ಒಂದರಷ್ಟೂ ಇಲ್ಲ. ಇನ್ನು ನಿದ್ರೆಯನ್ನು ಎಷ್ಟೇ ತಿದ್ದಿದರೂ ಲಾಭ ಅಲ್ಪ. ಉಳಿಸಬೇಕಿದ್ದರೆ ಎಚ್ಚರದ ಆ 4 ಸೆಕೆಂಡನ್ನೇ ಕಡಿಮೆ ಮಾಡಬೇಕು. ಪುಟದಲ್ಲಿ ‘ಮುಂದೇನು’ ಎಂಬ ತಲೆಬರಹದಡಿ ಎಲ್ಲರೂ ಹವಾಮಾನ ಮುನ್ಸೂಚನೆ ಸೇರಿಸುತ್ತೇವೆ ಎಂಬಂಥ ಕನಸುಗಳನ್ನು ಬರೆಯುತ್ತಾರೆ. ಅದರ ಬದಲು ಈ ಒಂದು ಮಾತಿರಲಿ. ತನ್ನ ಕೆಲಸದ ಮಿತಿ ಎಲ್ಲಿದೆಯೆಂದು ಅಂಕಿಯಿಂದಲೇ ಅರಿತವಳು ಎಂದು ಅದು ಸಾರುತ್ತದೆ.

ಕೋಡಿನ ಕೊಂಡಿ ಕೊಡುವಾಗ ಇಡೀ ಸಂಗ್ರಹದ ಮುಖಪುಟಕ್ಕೆ ಕೊಟ್ಟು ಸುಮ್ಮನಾದರೆ, ಹತ್ತಾರು ಕಡತಗಳ ನಡುವೆ ಓದುವವರು ಕಳೆದುಹೋಗುತ್ತಾರೆ. ಗೇಟಿನ ದೋಷ ಸರಿಪಡಿಸಿದ ಆ ಒಂದು ಕಮಿಟ್‌ಗೇ ಕೊಂಡಿ ಕೊಡಬೇಕು. ಇಲ್ಲೊಂದು ತೊಡಕು ಎದುರಾಗಬಹುದು. ಕಾಲೇಜಿನ ತಂಡಗಳಲ್ಲಿ ಒಬ್ಬರ ಲ್ಯಾಪ್‌ಟಾಪಿನಿಂದಲೇ ಎಲ್ಲರ ಕೋಡೂ ಗಿಟ್‌ಹಬ್ ಸೇರುತ್ತದೆ. `git shortlog -sn` ಎಂದು ಕೊಟ್ಟರೆ ನಾಲ್ವರ ಬದಲು ಒಬ್ಬರದೇ ಹೆಸರು ಬರುತ್ತದೆ. ಪ್ರಾಜೆಕ್ಟ್ ಇನ್ನೂ ನಡೆಯುತ್ತಿದ್ದರೆ ಪ್ರತಿಯೊಬ್ಬರೂ ತಮ್ಮ ಖಾತೆಯಿಂದಲೇ ಕಮಿಟ್ ಮಾಡುವುದು, ಜತೆಗೆ ಕೂತು ಬರೆದಾಗ ಸಂದೇಶದ ಕೊನೆಗೆ `Co-authored-by:` ಎಂದು ಇನ್ನೊಬ್ಬರ ಹೆಸರು ಮತ್ತು ಇಮೇಲ್ ಸೇರಿಸುವುದು ಸಾಕು, ಗಿಟ್‌ಹಬ್ ಇಬ್ಬರನ್ನೂ ತೋರಿಸುತ್ತದೆ. ಮುಗಿದುಹೋಗಿದ್ದರೆ ಹಳೆಯ ಇತಿಹಾಸವನ್ನು ತಿದ್ದಲು ಹೋಗಬಾರದು. ಯಾವ ಕಡತ ಯಾರದೆಂದು ಸಂಗ್ರಹದ ಪರಿಚಯ ಕಡತದಲ್ಲಿ ನಾಲ್ವರೂ ಒಪ್ಪಿ ಬರೆದಿಟ್ಟರೆ ಅದೇ ದಾಖಲೆ. ಅಂದ ಹಾಗೆ, ಕಮಿಟ್‌ಗಳ ಎಣಿಕೆಯನ್ನು ಹೆಮ್ಮೆಯಿಂದ ರೆಸ್ಯೂಮೆಗೆ ಹಾಕುವುದರಲ್ಲಿ ಅರ್ಥವಿಲ್ಲ. ಗೇಟಿನ ದೋಷವನ್ನು ಕೊಂದದ್ದು ಒಂದೇ ಕಮಿಟ್, ಅದರೊಳಗೆ ಎರಡೇ ಸಾಲು.

ಈಗಾಗಲೇ ಕೆಲಸದಲ್ಲಿದ್ದು ಕಂಪನಿ ಬದಲಿಸಲು ಹೊರಟವರ ಕಷ್ಟ ಬೇರೆ. ಅವರ ಬಳಿ ಹೇಳಲು ಇನ್ನೂ ಹೆಚ್ಚಿರುತ್ತದೆ, ಆದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಕೋಡ್, ಸರ್ಕಿಟ್, ಗ್ರಾಹಕರ ಹೆಸರು, ಬಿಡುಗಡೆಯಾಗದ ಉತ್ಪನ್ನದ ಅಂಕಿಗಳು ಯಾವುದನ್ನೂ ಪುಟಕ್ಕೆ ಹಾಕುವಂತಿಲ್ಲ. ಅಂಥವರು ಉತ್ಪನ್ನದ ಬದಲು ಅದರ ಬಗೆಯನ್ನು ಹೆಸರಿಸಬಹುದು: ‘ಬ್ಯಾಟರಿಯ ಕೈಸಾಧನ, ಆರು ಜನರ ಫರ್ಮ್‌ವೇರ್ ತಂಡ, ನಿದ್ರಾ ನಿರ್ವಹಣೆ ನನ್ನ ಹೊಣೆ’ ಎಂಬಂತೆ. ದೋಷದ ಬಗೆಯನ್ನೂ, ಅದನ್ನು ಪತ್ತೆಮಾಡಿದ ದಾರಿಯನ್ನೂ ಹೇಳಬಹುದು. ಎಷ್ಟು ಹೇಳಬಹುದೆಂಬ ಅನುಮಾನವಿದ್ದರೆ ಒಪ್ಪಂದವನ್ನು ಮತ್ತೊಮ್ಮೆ ಓದಿ, ಮೇಲಧಿಕಾರಿಯನ್ನು ಕೇಳಿಕೊಳ್ಳುವುದು ಕ್ಷೇಮ. ತೋರಿಸಲೇಬೇಕೆಂದರೆ ಅದೇ ಬಗೆಯ ತೊಡಕನ್ನು ಮನೆಯಲ್ಲಿ ಒಂದು ಅಗ್ಗದ ಬೋರ್ಡಿನ ಮೇಲೆ ಹೊಸದಾಗಿ ಕಟ್ಟಿ, ಅಳೆದು, ಅದನ್ನು ಪುಟಕ್ಕೆ ಹಾಕಬಹುದು. ಅದರ ಕೋಡೂ ಅಂಕಿಗಳೂ ಪೂರ್ತಿ ಅವರವೇ ಆಗಿರುತ್ತವೆ, ಸಂದರ್ಶನದ ಮೇಜಿನ ಮೇಲೆ ಆ ಬೋರ್ಡನ್ನೇ ಇಟ್ಟು ಮಾತಾಡಲೂ ಬರುತ್ತದೆ.